ಬೈಬ್ಯಾಕ್ ಅಥವಾ ಡಿವಿಡೆಂಡ್: ಅರವತ್ತು ಕೋಟಿ ರೂಪಾಯಿ ಹಂಚಲು ಹೊರಟ ಒಂದು ಕಂಪನಿಯ ಪ್ರಕರಣ

ಈ ಪ್ರಕರಣದ ಕಂಪನಿ ಬೆಂಗಳೂರಿನ ಹೊರವಲಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ, ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾದ ಒಂದು ಮಧ್ಯಮ ಗಾತ್ರದ ಸಂಸ್ಥೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಮೊತ್ತಗಳನ್ನು ಸರಳ ಅಂಕಿಗಳಿಗೆ ತಂದಿದ್ದೇನೆ. ಅವುಗಳ ಪರಸ್ಪರ ಸಂಬಂಧ ಮಾತ್ರ ಹಾಗೆಯೇ ಉಳಿದಿದೆ. ಆಡಿಟ್ ಸಮಿತಿಗೆ ಲೆಕ್ಕಪತ್ರ ಸಿದ್ಧಪಡಿಸಿಕೊಟ್ಟವರಲ್ಲಿ ನಾನೂ ಒಬ್ಬನಾಗಿದ್ದುದರಿಂದ ಚರ್ಚೆ ಯಾವ ದಾರಿಯಲ್ಲಿ ಸಾಗಿತೆಂಬುದನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು.

ಹಿನ್ನೆಲೆ

ಹತ್ತು ರೂಪಾಯಿ ಮುಖಬೆಲೆಯ ಒಂದು ಕೋಟಿ ಷೇರುಗಳು, ಅಂದರೆ 10 ಕೋಟಿ ರೂಪಾಯಿ ಪಾವತಿಯಾದ ಬಂಡವಾಳ. ಅದರ ಮೇಲೆ 290 ಕೋಟಿ ಮೀಸಲು. ಎರಡೂ ಸೇರಿ ಈಕ್ವಿಟಿ 300 ಕೋಟಿ. ಸಾಲವಿಲ್ಲ. ಬ್ಯಾಂಕ್ ಠೇವಣಿ ಮತ್ತು ಲಿಕ್ವಿಡ್ ಫಂಡ್‌ಗಳಲ್ಲಿ 110 ಕೋಟಿ ನಗದು. ವರ್ಷದ ನಿವ್ವಳ ಲಾಭ 40 ಕೋಟಿ, ಹಾಗಾಗಿ ಪ್ರತಿ ಷೇರಿನ ಗಳಿಕೆ, ಅಂದರೆ ಇಪಿಎಸ್, 40 ರೂಪಾಯಿ. 2024ರ ಜೂನ್‌ನಲ್ಲಿ ಷೇರಿನ ಮಾರುಕಟ್ಟೆ ಬೆಲೆ 800 ರೂಪಾಯಿ ಆಸುಪಾಸಿನಲ್ಲಿತ್ತು. ಮುಂದಿನ ಒಂದೂವರೆ ವರ್ಷದಲ್ಲಿ ಹೊಸ ಮಷೀನ್ ಶಾಪ್‌ಗೆ ಸುಮಾರು 45 ಕೋಟಿ ಬೇಕಾಗುತ್ತದೆಂಬ ಅಂದಾಜು ಮೊದಲೇ ಮಂಜೂರಾಗಿತ್ತು.

ಪ್ರವರ್ತಕ ಕುಟುಂಬದ ಪಾಲು ಶೇ 62. ಅಣ್ಣ ಅಧ್ಯಕ್ಷರು, ತಮ್ಮ ವ್ಯವಸ್ಥಾಪಕ ನಿರ್ದೇಶಕರು. ಆಡಳಿತದಲ್ಲಿಲ್ಲದ ತಂಗಿಯ ಹೆಸರಿನಲ್ಲಿ ಶೇ 14ರಷ್ಟು ಷೇರುಗಳಿದ್ದು, ಆಕೆಗೆ ಒಂದಿಷ್ಟು ನಗದು ಬೇಕಿತ್ತು. ಉಳಿದ ಶೇ 38ರಲ್ಲಿ ಶೇ 11 ಮ್ಯೂಚುವಲ್ ಫಂಡ್‌ಗಳದ್ದು. ಮಿಕ್ಕಿದ್ದು ಸಣ್ಣ ಹೂಡಿಕೆದಾರರದ್ದು.

ನಗದು ಅಗತ್ಯಕ್ಕಿಂತ ಹೆಚ್ಚಾಗಿದೆ, 60 ಕೋಟಿಯನ್ನು ಷೇರುದಾರರಿಗೆ ಮರಳಿಸಬೇಕು ಎನ್ನುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಪ್ರತಿ ಷೇರಿಗೆ 60 ರೂಪಾಯಿ ಡಿವಿಡೆಂಡ್ ಕೊಡುವುದೋ, ಅಷ್ಟೇ ಹಣದಲ್ಲಿ ಷೇರುಗಳನ್ನು ಮರುಖರೀದಿಸುವುದೋ, ಅಂದರೆ ಬೈಬ್ಯಾಕ್ ಮಾಡುವುದೋ ಎಂಬುದಷ್ಟೇ ಪ್ರಶ್ನೆ.

ಮರ್ಚೆಂಟ್ ಬ್ಯಾಂಕರ್ ತೋರಿಸಿದ 42.55

ಜೂನ್‌ನ ಸಭೆಗೆ ಮರ್ಚೆಂಟ್ ಬ್ಯಾಂಕರ್ ತಂದ ಪ್ರಸ್ತಾವ ಆಕರ್ಷಕವಾಗಿತ್ತು. ಮಾರುಕಟ್ಟೆ ಬೆಲೆಗಿಂತ ಶೇ 25ರಷ್ಟು ಹೆಚ್ಚು, ಅಂದರೆ ಷೇರಿಗೆ 1,000 ರೂಪಾಯಿಯಂತೆ, ಟೆಂಡರ್ ಆಫರ್ ಮೂಲಕ, ಅಂದರೆ ನಿಗದಿತ ಬೆಲೆಗೆ ಷೇರು ಕೊಡುವಂತೆ ಎಲ್ಲ ಷೇರುದಾರರನ್ನೂ ಆಹ್ವಾನಿಸಿ, 6 ಲಕ್ಷ ಷೇರುಗಳನ್ನು ಕೊಂಡು ರದ್ದುಪಡಿಸಿದರೆ ಷೇರುಗಳ ಸಂಖ್ಯೆ 94 ಲಕ್ಷಕ್ಕೆ ಇಳಿಯುತ್ತದೆ. 40 ಕೋಟಿ ಲಾಭವನ್ನು 94 ಲಕ್ಷದಿಂದ ಭಾಗಿಸಿದರೆ ಇಪಿಎಸ್ 42.55 ರೂಪಾಯಿ. ಡಿವಿಡೆಂಡ್ ಕೊಟ್ಟರೆ ಷೇರುಗಳ ಸಂಖ್ಯೆ ಬದಲಾಗದು, ಇಪಿಎಸ್ 40ರಲ್ಲೇ ನಿಲ್ಲುತ್ತದೆ ಎಂದು ಪಕ್ಕದ ಅಂಕಣದಲ್ಲಿ ಬರೆದಿತ್ತು.

ನಿವೃತ್ತ ಬ್ಯಾಂಕ್ ಅಧಿಕಾರಿಯಾಗಿದ್ದ ಸ್ವತಂತ್ರ ನಿರ್ದೇಶಕಿಯೊಬ್ಬರು ಆ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, "ಅರವತ್ತು ಕೋಟಿ ಕೈಬಿಟ್ಟ ಮೇಲೂ ನಲವತ್ತು ಕೋಟಿ ಲಾಭ ಹಾಗೇ ಹೇಗೆ ಉಳಿಯುತ್ತದೆ ಸರ್? ಅದರ ಬಡ್ಡಿ ಎಲ್ಲಿ ಹೋಯಿತು?" ಎಂದು ಕೇಳಿದರು. ಇಡೀ ಪ್ರಕರಣ ದಿಕ್ಕು ಬದಲಿಸಿದ್ದು ಈ ಪ್ರಶ್ನೆಯಿಂದ.

ಠೇವಣಿಗಳ ಮೇಲೆ ಕಂಪನಿಗೆ ಸರಾಸರಿ ಶೇ 7ರಷ್ಟು ಆದಾಯ ಬರುತ್ತಿತ್ತು. ಶೇ 25.17ರ ಕಂಪನಿ ತೆರಿಗೆ ಕಳೆದರೆ ಕೈಗೆ ಉಳಿಯುವುದು ಶೇ 5.24. ಅಂದರೆ 40 ಕೋಟಿ ಲಾಭದಲ್ಲಿ ಸುಮಾರು 5.76 ಕೋಟಿ ಕಾರ್ಖಾನೆಯದ್ದಲ್ಲ, ಠೇವಣಿಯದ್ದು. 60 ಕೋಟಿ ಹೊರಗೆ ಹೋದರೆ ಲಾಭದಲ್ಲಿ 3.14 ಕೋಟಿ ಖೋತಾ ಆಗುತ್ತದೆ. ಹಣ ಡಿವಿಡೆಂಡ್ ಆಗಿ ಹೋಗಲಿ, ಬೈಬ್ಯಾಕ್ ಆಗಿ ಹೋಗಲಿ, ಈ ಖೋತಾ ತಪ್ಪಿದ್ದಲ್ಲ. ಬ್ಯಾಂಕರ್ ಇದನ್ನು ಎರಡೂ ಅಂಕಣಗಳಲ್ಲಿ ಬಿಟ್ಟಿದ್ದರು.

ಅವರು ಬಿಟ್ಟ ಇನ್ನೊಂದು ಸಂಗತಿ ತೆರಿಗೆ. ಆಗ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯ್ದೆಯ 115ಕ್ಯುಎ ಕಲಮಿನ ಪ್ರಕಾರ, ಮರುಖರೀದಿಗೆ ಕೊಟ್ಟ ಮೊತ್ತದಿಂದ ಆ ಷೇರುಗಳನ್ನು ಹೊರಡಿಸಿದಾಗ ಬಂದಿದ್ದ ಹಣವನ್ನು ಕಳೆದು, ಉಳಿದದ್ದರ ಮೇಲೆ ಕಂಪನಿಯೇ ಸರ್ಚಾರ್ಜ್ ಮತ್ತು ಸೆಸ್ ಸೇರಿ ಶೇ 23.296 ತೆರಿಗೆ ಕಟ್ಟಬೇಕಿತ್ತು. ನಮ್ಮ ಲೆಕ್ಕದಲ್ಲಿ ಷೇರಿಗೆ ಸರಾಸರಿ 30 ರೂಪಾಯಿಯಂತೆ 1.8 ಕೋಟಿ ಕಳೆದರೆ 58.2 ಕೋಟಿಯ ಮೇಲೆ 13.56 ಕೋಟಿ ತೆರಿಗೆ. ಷೇರುದಾರರ ಕೈ ಸೇರುವುದು 60 ಕೋಟಿಯಾದರೂ ಕಂಪನಿಯ ಖಾತೆಯಿಂದ ಹೋಗುವುದು 73.56 ಕೋಟಿ.

ಎರಡನ್ನೂ ಸೇರಿಸಿ ಲೆಕ್ಕವನ್ನು ಮತ್ತೆ ಬರೆದಾಗ ಚಿತ್ರವೇ ಬದಲಾಯಿತು. ಡಿವಿಡೆಂಡ್ ಕೊಟ್ಟರೆ ಈಕ್ವಿಟಿ 240 ಕೋಟಿಗೆ, ನಗದು 50 ಕೋಟಿಗೆ, ಇಪಿಎಸ್ 36.86ಕ್ಕೆ ಇಳಿಯುತ್ತದೆ. ಬೈಬ್ಯಾಕ್ ಮಾಡಿದರೆ ಈಕ್ವಿಟಿ 226.44 ಕೋಟಿ, ನಗದು 36.44 ಕೋಟಿ, 73.56 ಕೋಟಿಯ ಮೇಲಿನ ಬಡ್ಡಿ ತಪ್ಪುವುದರಿಂದ ಲಾಭ 36.15 ಕೋಟಿ, ಅದನ್ನು 94 ಲಕ್ಷ ಷೇರುಗಳಿಗೆ ಹಂಚಿದರೆ ಇಪಿಎಸ್ 38.45. ಅಂದರೆ 42.55 ಎಂದು ತೋರಿಸಿದ್ದ ಇಪಿಎಸ್ ಏರುವ ಬದಲು ಇಳಿಯುತ್ತಿತ್ತು. ಜೊತೆಗೆ ಮಷೀನ್ ಶಾಪ್‌ಗೆ ಬೇಕಾದ 45 ಕೋಟಿಗೂ ಕೊರತೆ ಬಿದ್ದು ಸಾಲಕ್ಕೆ ಕೈಹಾಕಬೇಕಾಗುತ್ತಿತ್ತು.

ಇಪಿಎಸ್ ಯಾವಾಗ ಏರುತ್ತದೆ

ಷೇರುಗಳ ಸಂಖ್ಯೆ ಕಡಿಮೆಯಾದರೂ ಇಪಿಎಸ್ ಇಳಿದದ್ದು ಹೇಗೆ ಎಂದು ಅಧ್ಯಕ್ಷರು ಕೇಳಿದರು. 1,000 ರೂಪಾಯಿ ಕೊಟ್ಟು ಕೊಳ್ಳುವ ಷೇರು ವರ್ಷಕ್ಕೆ ಗಳಿಸುವುದು 40 ರೂಪಾಯಿ, ಅಂದರೆ ಶೇ 4. ಅದೇ 1,000 ರೂಪಾಯಿ ಠೇವಣಿಯಲ್ಲಿ ತೆರಿಗೆ ಕಳೆದು 52.40 ರೂಪಾಯಿ ತರುತ್ತಿತ್ತು. ಹೆಚ್ಚು ಗಳಿಸುವುದನ್ನು ಕೊಟ್ಟು ಕಡಿಮೆ ಗಳಿಸುವುದನ್ನು ಕೊಂಡರೆ ಉಳಿದ ಷೇರುಗಳ ಸರಾಸರಿ ಗಳಿಕೆ ಇಳಿಯಲೇಬೇಕು. 115ಕ್ಯುಎ ತೆರಿಗೆಯನ್ನೂ ಸೇರಿಸಿದರೆ ಒಂದು ಷೇರಿಗೆ ಕಂಪನಿಗೆ ಬೀಳುತ್ತಿದ್ದ ನಿಜವಾದ ವೆಚ್ಚ 1,226 ರೂಪಾಯಿ; ಆ ಬೆಲೆಗೆ ಗಳಿಕೆ ಶೇ 3.26 ಮಾತ್ರ.

ಇಪಿಎಸ್ ಏರದೆ ಇಳಿಯದೆ ನಿಲ್ಲುವ ಬೆಲೆಯನ್ನು ಹೀಗೆ ಕಂಡುಕೊಳ್ಳಬಹುದು: ಇಪಿಎಸ್ ಅನ್ನು ನಗದಿನ ಮೇಲಿನ ತೆರಿಗೆ ನಂತರದ ಆದಾಯದ ದರದಿಂದ ಭಾಗಿಸಬೇಕು. 40 ರೂಪಾಯಿಯನ್ನು 0.0524ರಿಂದ ಭಾಗಿಸಿದರೆ ಸುಮಾರು 764 ರೂಪಾಯಿ, ಅಂದರೆ ಗಳಿಕೆಯ 19 ಪಟ್ಟು. ಇದಕ್ಕಿಂತ ಕಡಿಮೆ ಬೆಲೆಗೆ ಕೊಂಡರೆ ಇಪಿಎಸ್ ಏರುತ್ತದೆ, ಹೆಚ್ಚಿನ ಬೆಲೆಗೆ ಕೊಂಡರೆ ಇಳಿಯುತ್ತದೆ. ಸಾಲ ತಂದು ಬೈಬ್ಯಾಕ್ ಮಾಡುವ ಕಂಪನಿಗಳು ಠೇವಣಿಯ ದರದ ಬದಲು ಸಾಲದ ಬಡ್ಡಿಯ ತೆರಿಗೆ ನಂತರದ ದರವನ್ನು ಇಲ್ಲಿ ಹಾಕಿಕೊಳ್ಳಬೇಕು.

ಡಿವಿಡೆಂಡ್‌ನ 36.86ಕ್ಕಿಂತ ಬೈಬ್ಯಾಕ್‌ನ 38.45 ಹೆಚ್ಚಲ್ಲವೇ ಎಂಬ ವಾದವೂ ಬಂತು. ಹೋಲಿಕೆಯಾಗಿ ಅದು ಸರಿಯಲ್ಲ. ಡಿವಿಡೆಂಡ್ ಪಡೆದವನ ಪ್ರತಿ ಷೇರಿನ ಜೊತೆ 60 ರೂಪಾಯಿ ನಗದೂ ಅವನ ಬಳಿ ಇದೆ. ಬೈಬ್ಯಾಕ್‌ನಲ್ಲಿ ಷೇರು ಕೊಡದೆ ಉಳಿದವನ ಬಳಿ ಅದಿಲ್ಲ. 100 ಷೇರು ಹೊಂದಿರುವ ಒಬ್ಬರನ್ನು ಇಟ್ಟುಕೊಂಡು ಇದನ್ನು ಸಭೆಗೆ ವಿವರಿಸಿದೆವು. ಇಂದು ಅವರ ಷೇರುಗಳ ಬೆಲೆ 80,000 ರೂಪಾಯಿ. ಡಿವಿಡೆಂಡ್ ನಂತರ ಅವರ ಬಳಿ 740 ರೂಪಾಯಿಯ 100 ಷೇರು ಮತ್ತು 6,000 ನಗದು, ಒಟ್ಟು ಅದೇ 80,000. ಕಂಪನಿ ಮಟ್ಟದಲ್ಲಿ ತೆರಿಗೆಯೇ ಇಲ್ಲದ ಬೈಬ್ಯಾಕ್‌ನಲ್ಲಿ ಎಲ್ಲರೂ ಒಂದೇ ಪ್ರಮಾಣದಲ್ಲಿ ಷೇರು ಕೊಟ್ಟರೆ ಅವರ 6 ಷೇರು ಹೋಗಿ 6,000 ಬರುತ್ತದೆ, ಉಳಿದ 94 ಷೇರುಗಳ ಬೆಲೆ ತಲಾ 787.23ರಂತೆ 74,000, ಮತ್ತೆ 80,000. ಷೇರು ಕೊಡದೆ ಸುಮ್ಮನಿದ್ದರೆ ಮಾತ್ರ ಅವರ 100 ಷೇರುಗಳ ಬೆಲೆ 78,723 ಆಗುತ್ತದೆ. ಆ ವ್ಯತ್ಯಾಸ, ಮಾರುಕಟ್ಟೆ ಬೆಲೆಗಿಂತ 200 ರೂಪಾಯಿ ಹೆಚ್ಚಿಗೆ ಪಡೆದು ಹೊರಟವರ ಜೇಬಿಗೆ ಹೋಗಿರುತ್ತದೆ. ಬೈಬ್ಯಾಕ್ ಬೆಲೆ ಹೆಚ್ಚಾದಷ್ಟೂ ಉಳಿದವರು ಹೊರಟವರಿಗೆ ಕೊಡುವ ಉಡುಗೊರೆ ದೊಡ್ಡದಾಗುತ್ತದೆ. ಪ್ರಕಟಣೆಗಳಲ್ಲಿ ಇದನ್ನು "ಷೇರುದಾರರಿಗೆ ಬಹುಮಾನ" ಎಂದು ಬರೆಯುವುದು ವಾಡಿಕೆ.

ಜುಲೈ 23ರ ನಂತರ

ಚರ್ಚೆ ಇಲ್ಲಿಗೆ ತಣ್ಣಗಾಗಬೇಕಿತ್ತು. ಆದರೆ 2024ರ ಜುಲೈ 23ರ ಬಜೆಟ್‌ನಲ್ಲಿ ಬೈಬ್ಯಾಕ್ ತೆರಿಗೆಯ ಸ್ವರೂಪವೇ ಬದಲಾಯಿತು. ಅಕ್ಟೋಬರ್ 1ರಿಂದ ನಡೆಯುವ ಮರುಖರೀದಿಗೆ ಕಂಪನಿ ತೆರಿಗೆ ಕಟ್ಟಬೇಕಿರಲಿಲ್ಲ; ಬದಲಾಗಿ ಷೇರು ಕೊಟ್ಟವರು ಪಡೆದ ಪೂರ್ತಿ ಮೊತ್ತ ಅವರ ಕೈಯಲ್ಲಿ ಡಿವಿಡೆಂಡ್ ಎಂದು ಪರಿಗಣಿತವಾಗಿ ಅವರ ಸ್ಲ್ಯಾಬ್ ದರದಲ್ಲಿ ತೆರಿಗೆಗೆ ಒಳಪಡುತ್ತಿತ್ತು. ಅವರು ಷೇರು ಕೊಂಡಿದ್ದ ಬೆಲೆಯನ್ನು ಬಂಡವಾಳ ನಷ್ಟವೆಂದು ತೋರಿಸಿ ಮುಂದೆ ಬಂಡವಾಳ ಲಾಭದ ಎದುರು ಹೊಂದಿಸಿಕೊಳ್ಳಬಹುದಿತ್ತು.

ವ್ಯವಸ್ಥಾಪಕ ನಿರ್ದೇಶಕರು ಆಗಸ್ಟ್ ಮೊದಲ ವಾರದಲ್ಲೇ ಸಭೆ ಕರೆಸಿದರು. "ಅಣ್ಣಾ, ಸೆಪ್ಟೆಂಬರ್ ದಾಟಿದರೆ ಈ ದುಡ್ಡಿಗೆ ನಾವು ನಾವೇ ತೆರಿಗೆ ಕಟ್ಟಬೇಕಾಗುತ್ತದೆ" ಎನ್ನುವುದು ಅವರ ನೇರ ಮಾತು. 60 ಕೋಟಿಯ ಬೈಬ್ಯಾಕ್‌ಗೆ ಷೇರುದಾರರ ವಿಶೇಷ ನಿರ್ಣಯ ಬೇಕು, ಅದಕ್ಕೆ ನೋಟಿಸು, ಮತದಾನ ಎಂದು ಸೆಪ್ಟೆಂಬರ್ ಮುಗಿದೇ ಹೋಗುತ್ತದೆ. ಆದರೆ ಕಂಪನಿ ಕಾಯ್ದೆಯ 68ನೇ ಕಲಮಿನಂತೆ ಪಾವತಿಯಾದ ಬಂಡವಾಳ ಮತ್ತು ಮುಕ್ತ ಮೀಸಲಿನ ಶೇ 10ರವರೆಗೆ, ಅಂದರೆ 30 ಕೋಟಿಯವರೆಗೆ, ನಿರ್ದೇಶಕ ಮಂಡಳಿಯೇ ಒಪ್ಪಿಗೆ ಕೊಡಬಹುದು. ಅಷ್ಟನ್ನಾದರೂ ಗಡುವಿನೊಳಗೆ ಮುಗಿಸೋಣ ಎಂಬುದು ಪ್ರಸ್ತಾವ.

ಇದರಲ್ಲಿ ಕುಟುಂಬದ ಲಾಭ ಸ್ಪಷ್ಟವಿತ್ತು. 30 ಕೋಟಿಯನ್ನು ಡಿವಿಡೆಂಡ್ ಆಗಿ ಕೊಟ್ಟರೆ ಕುಟುಂಬಕ್ಕೆ ಬರುವ 18.6 ಕೋಟಿಯ ಮೇಲೆ, ಅತ್ಯುನ್ನತ ಸ್ಲ್ಯಾಬ್‌ನಲ್ಲಿ ಡಿವಿಡೆಂಡ್‌ಗೆ ಅನ್ವಯವಾಗುವ ಶೇ 35.88ರಂತೆ 6.67 ಕೋಟಿ ತೆರಿಗೆ. ಹಳೆಯ ನಿಯಮದ ಬೈಬ್ಯಾಕ್‌ನಲ್ಲಿ ಕಂಪನಿ ಕಟ್ಟುವ ತೆರಿಗೆ 6.78 ಕೋಟಿ, ಷೇರುದಾರರಿಗೆ ಏನೂ ಇಲ್ಲ. ಮೊತ್ತ ಹೆಚ್ಚುಕಡಿಮೆ ಒಂದೇ ಆದರೂ ಹೊರುವವರು ಬೇರೆ. ಕಂಪನಿ ಕಟ್ಟುವ ತೆರಿಗೆ ಎಲ್ಲ ಷೇರುದಾರರ ಈಕ್ವಿಟಿಯಿಂದ ಹೋಗುತ್ತದೆ. ಹಾಗಾಗಿ ಅದರ ಶೇ 38, ಅಂದರೆ 2.58 ಕೋಟಿ, ಸಾರ್ವಜನಿಕ ಷೇರುದಾರರ ಪಾಲಿಗೆ ಬೀಳುತ್ತಿತ್ತು. ಅವರಲ್ಲಿ ಆದಾಯ ತೆರಿಗೆಯೇ ಇಲ್ಲದ ಮ್ಯೂಚುವಲ್ ಫಂಡ್‌ಗಳೂ, ಕೆಳ ಸ್ಲ್ಯಾಬ್‌ನ ಸಣ್ಣ ಹೂಡಿಕೆದಾರರೂ, ಒಂದು ಷೇರನ್ನೂ ಕೊಡದವರೂ ಇರುತ್ತಾರೆ.

ಇದರ ಹಿಂದೆ ಇನ್ನೊಂದು ಸಂಗತಿಯಿತ್ತು, ಅದು ಹೊರಬಂದದ್ದು ಕಂಪನಿ ಕಾರ್ಯದರ್ಶಿ ಸಂಭಾವನೆ ಸಮಿತಿಯ ಕಡತ ತೆಗೆದಾಗ. ವ್ಯವಸ್ಥಾಪಕ ನಿರ್ದೇಶಕರ ಪ್ರೋತ್ಸಾಹಧನ ಇಪಿಎಸ್ 42 ರೂಪಾಯಿ ದಾಟುವುದಕ್ಕೆ ಕಟ್ಟಿಹಾಕಿದ್ದಾಗಿತ್ತು. ಅವರು ದುರುದ್ದೇಶದಿಂದ ನಡೆದರೆಂದು ನಾನು ಹೇಳಲಾರೆ, 42.55 ಎಂಬ ಅಂಕಿಯನ್ನು ಅವರು ನಿಜವಾಗಿಯೂ ನಂಬಿದ್ದರು; ಆದರೆ ಷೇರುಗಳ ಸಂಖ್ಯೆಯನ್ನು ಬದಲಿಸುವ ಅಧಿಕಾರವಿರುವವರಿಗೆ ಆ ಸಂಖ್ಯೆಯಿಂದಲೇ ಭಾಗಿಸಿದ ಗುರಿಯನ್ನು ಕೊಡುವುದು ಮೊದಲಿನಿಂದಲೂ ಸರಿಯಿರಲಿಲ್ಲ. ಸಮಿತಿ ಅದೇ ತಿಂಗಳು ಗುರಿಯನ್ನು ಬಡ್ಡಿ ಆದಾಯ ಬಿಟ್ಟ ಕಾರ್ಯಾಚರಣೆಯ ಲಾಭಕ್ಕೆ ಬದಲಿಸಿತು.

ಅಧ್ಯಕ್ಷರ ನಿಲುವು ಕಡೆಯವರೆಗೂ ತೂಗಾಡುತ್ತಿತ್ತು, ಏಕೆಂದರೆ ತಂಗಿಗೆ ಹಳೆಯ ನಿಯಮದ ಬೈಬ್ಯಾಕೇ ಅನುಕೂಲವಾಗಿತ್ತು. ಅವರನ್ನು ಒಪ್ಪಿಸಿದ್ದು ನ್ಯಾಯದ ವಾದಕ್ಕಿಂತ ಬೆಲೆಯ ವಾದ: 800ರ ಷೇರಿಗೆ 1,000 ಕೊಟ್ಟು, ಮೇಲೆ ತೆರಿಗೆಯನ್ನೂ ಕಟ್ಟಿ ಕೊಳ್ಳುವಷ್ಟು ಅಗ್ಗವಾಗಿದೆಯೇ ನಮ್ಮ ಷೇರು ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಗಡುವಿನ ಬೈಬ್ಯಾಕ್ ಕೈಬಿಡಲಾಯಿತು. ಮೊದಲ ಕಂತಾಗಿ 30 ಕೋಟಿಯನ್ನು ಷೇರಿಗೆ 30 ರೂಪಾಯಿಯಂತೆ ಮಧ್ಯಂತರ ಡಿವಿಡೆಂಡ್ ಆಗಿ ನವೆಂಬರ್‌ನಲ್ಲಿ ಕೊಡುವುದು, ಉಳಿದದ್ದನ್ನು ಬೆಲೆ ನೋಡಿಕೊಂಡು ನಿರ್ಧರಿಸುವುದು ಎಂದಾಯಿತು.

ಬೆಲೆ ಇಳಿದಾಗ

2025ರ ಫೆಬ್ರುವರಿ ವೇಳೆಗೆ ಸಣ್ಣ ಮತ್ತು ಮಧ್ಯಮ ಕಂಪನಿಗಳ ಷೇರುಗಳು ಗಣನೀಯವಾಗಿ ಕುಸಿದಿದ್ದವು. ನಮ್ಮ ಕಂಪನಿಯ ವ್ಯವಹಾರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲದಿದ್ದರೂ ಷೇರು 560 ರೂಪಾಯಿಗೆ ಬಂದಿತ್ತು. ಡಿವಿಡೆಂಡ್ ಹೋದ ಮೇಲಿನ ಇಪಿಎಸ್ 38.43. ಮಂಡಳಿ ಷೇರಿಗೆ 650 ರೂಪಾಯಿಯಂತೆ 4 ಲಕ್ಷ ಷೇರುಗಳ, ಒಟ್ಟು 26 ಕೋಟಿಯ ಟೆಂಡರ್ ಆಫರ್‌ಗೆ ಒಪ್ಪಿತು. ಆ ಬೆಲೆಗೆ ಷೇರಿನ ಗಳಿಕೆ ಶೇ 5.91, ಠೇವಣಿಯ ಶೇ 5.24ಕ್ಕಿಂತ ತುಸು ಮೇಲೆ.

ಲೆಕ್ಕಪುಸ್ತಕದಲ್ಲಿ ಇದು ಹೀಗೆ ಇಳಿಯಿತು. ಬ್ಯಾಂಕ್ ಖಾತೆಯಿಂದ 26 ಕೋಟಿ ಹೊರಗೆ. ಅದರ ಎದುರು ಷೇರು ಬಂಡವಾಳದಲ್ಲಿ ಮುಖಬೆಲೆಯ 40 ಲಕ್ಷ, ಮೀಸಲಿನಲ್ಲಿ 25.6 ಕೋಟಿ ಕಡಿತ. ಇದರ ಜೊತೆಗೆ ಕಾಯ್ದೆಯ 69ನೇ ಕಲಮಿನಂತೆ ಮುಕ್ತ ಮೀಸಲಿನಿಂದ ಇನ್ನೂ 40 ಲಕ್ಷವನ್ನು ಬಂಡವಾಳ ವಿಮೋಚನಾ ಮೀಸಲಿಗೆ ವರ್ಗಾಯಿಸಬೇಕು. ಈ ಎರಡನೇ ನಮೂದಿನಿಂದ ಒಟ್ಟು ಈಕ್ವಿಟಿ ಬದಲಾಗದು, ನಗದೂ ಹೋಗದು. ಆದರೆ ಆ 40 ಲಕ್ಷವನ್ನು ಮುಂದೆ ಬೋನಸ್ ಷೇರಿಗೆ ಬಳಸಬಹುದೇ ಹೊರತು ಡಿವಿಡೆಂಡ್ ಆಗಿ ಕೊಡಲಾಗದು. ಡಿವಿಡೆಂಡ್ ಕೊಟ್ಟಾಗ ಷೇರು ಬಂಡವಾಳ ಮುಟ್ಟದೆ ಮೀಸಲು ಮಾತ್ರ ಕರಗುವುದರಿಂದ ಇಂಥ ನಮೂದಿನ ಅಗತ್ಯವೇ ಬೀಳುವುದಿಲ್ಲ.

ಎರಡೂ ಕಂತುಗಳ ನಂತರ, ವರ್ಷದ ಹೊಸ ಲಾಭವನ್ನು ಸೇರಿಸದೆ ಹೇಳುವುದಾದರೆ, ಈಕ್ವಿಟಿ 244 ಕೋಟಿ, ನಗದು 54 ಕೋಟಿ, ಷೇರುಗಳು 96 ಲಕ್ಷ. ಪೂರ್ಣ ವರ್ಷದ ಲೆಕ್ಕದಲ್ಲಿ ಇಪಿಎಸ್ 38.43ರಿಂದ 38.61ಕ್ಕೆ ಏರಿತು. ಹದಿನೆಂಟು ಪೈಸೆ. ಅದೂ 2024-25ರ ಫಲಿತಾಂಶದಲ್ಲಿ ಕಾಣಿಸಲಿಲ್ಲ, ಏಕೆಂದರೆ ಇಪಿಎಸ್‌ಗೆ ಭಾಜಕವಾಗುವುದು ವರ್ಷವಿಡೀ ಚಲಾವಣೆಯಲ್ಲಿದ್ದ ಷೇರುಗಳ ತೂಕದ ಸರಾಸರಿ, ಮಾರ್ಚ್ ಕೊನೆಯ ವಾರದಲ್ಲಿ ರದ್ದಾದ ಷೇರುಗಳು ಆ ವರ್ಷದ ಸರಾಸರಿಯಲ್ಲಿ ಬಹುಪಾಲು ಹಾಗೆಯೇ ಉಳಿದಿದ್ದವು.

ಷೇರು ಕೊಟ್ಟವರು ಯಾರು ಎನ್ನುವುದು ನಮಗೆ ಹೆಚ್ಚು ಕುತೂಹಲದ ಸಂಗತಿಯಾಗಿತ್ತು. ಹೊಸ ತೆರಿಗೆಯಿಂದಾಗಿ ಪ್ರವರ್ತಕರು ಭಾಗವಹಿಸುವುದಿಲ್ಲವೆಂದು ಮೊದಲೇ ಘೋಷಿಸಿದರು. ಬಂದ ಷೇರುಗಳಲ್ಲಿ ಹೆಚ್ಚಿನವು ಮ್ಯೂಚುವಲ್ ಫಂಡ್‌ಗಳದ್ದು, ಏಕೆಂದರೆ ಅವುಗಳಿಗೆ 650 ಎಂದರೆ ಪೂರ್ತಿ 650. ಸಣ್ಣ ಷೇರುದಾರರಿಗೆ ಮೀಸಲಾದ ಶೇ 15ರ ಭಾಗವೂ ತುಂಬಿತು. ತಂಗಿಗೆ ಅದೇ 650ರಲ್ಲಿ ತೆರಿಗೆ ಕಳೆದು ಉಳಿಯುತ್ತಿದ್ದುದು 417 ರೂಪಾಯಿ. ಹಾಗಾಗಿ ಆಕೆ ಕಾದು, ವಾರ್ಷಿಕ ಫಲಿತಾಂಶ ಪ್ರಕಟವಾದ ಮೇಲೆ ಮಾರುಕಟ್ಟೆಯಲ್ಲೇ 580ಕ್ಕೆ ಒಂದಷ್ಟು ಷೇರು ಮಾರಿದರು. ಅವರ ಮೂಲ ಬೆಲೆ ನಗಣ್ಯವೆಂದೇ ಇಟ್ಟುಕೊಂಡರೂ ದೀರ್ಘಾವಧಿ ಬಂಡವಾಳ ಲಾಭದ ತೆರಿಗೆ ಸರ್ಚಾರ್ಜ್ ಸೇರಿ ಶೇ 14.95, ಕೈಗೆ ಬಂದದ್ದು 493. ಆಫರ್ ಬೆಲೆ 70 ರೂಪಾಯಿ ಹೆಚ್ಚಿದ್ದರೂ ಅವರಿಗೆ ಮಾರುಕಟ್ಟೆಯೇ ಲಾಭದಾಯಕವಾಯಿತು. ಷೇರು ಕೊಡದ ಕುಟುಂಬದ ಪಾಲು ಬೈಬ್ಯಾಕ್ ಮುಗಿದಾಗ ಒಂದು ಪೈಸೆ ಖರ್ಚಿಲ್ಲದೆ ಶೇ 62ರಿಂದ 64.58ಕ್ಕೆ ಏರಿತ್ತು, ನೋಂದಾಯಿತ ಕಂಪನಿಯಲ್ಲಿ ಪ್ರವರ್ತಕರ ಪಾಲಿಗೆ ಇರುವ ಶೇ 75ರ ಮಿತಿ ದೂರವಿದ್ದುದರಿಂದ ಅದು ಇಲ್ಲಿ ತೊಡಕಾಗಲಿಲ್ಲ, ಮಿತಿಯ ಅಂಚಿನಲ್ಲಿರುವ ಕಂಪನಿಗಳಿಗೆ ಆಗಬಹುದು.

ಮಂಡಳಿಯ ಕಡತದಲ್ಲಿ ಈಗ 764 ಎಂಬ ಅಂಕಿಯ ಜಾಗದಲ್ಲಿ ಸೂತ್ರವಷ್ಟೇ ಇದೆ. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರೆಪೊ ದರವನ್ನು ಶೇ 6.5ರಿಂದ 5.5ಕ್ಕೆ ಇಳಿಸಿದ ಮೇಲೆ ಠೇವಣಿ ದರಗಳೂ ಕೆಳಗಿಳಿದವು. ಠೇವಣಿ ಶೇ 6 ಕೊಟ್ಟರೆ ತೆರಿಗೆ ಕಳೆದು ಉಳಿಯುವುದು ಶೇ 4.49, ಆಗ ಗಳಿಕೆಯ 22 ಪಟ್ಟು ಬೆಲೆಗೆ ಕೊಂಡರೂ ಇಪಿಎಸ್ ಏರುತ್ತದೆ. ಷೇರಿನ ನಿಜವಾದ ಮೌಲ್ಯದಲ್ಲಿ ಏನೂ ಬದಲಾಗದೆ ಮಿತಿ ಮಾತ್ರ ಮೇಲಕ್ಕೆ ಹೋಗಿರುತ್ತದೆ. ಆದ್ದರಿಂದಲೇ ಆ ಸ್ವತಂತ್ರ ನಿರ್ದೇಶಕಿ ಸೂತ್ರದ ಕೆಳಗೆ ಇನ್ನೊಂದು ಷರತ್ತು ಸೇರಿಸಿದರು: ಇಪಿಎಸ್ ಏರಿದರೆ ಸಾಲದು, ಮಷೀನ್ ಶಾಪ್‌ನಂಥ ಸ್ವಂತ ಹೂಡಿಕೆಯಿಂದ ನಿರೀಕ್ಷಿಸುವ ಪ್ರತಿಫಲವನ್ನು ಆಧರಿಸಿ ಲೆಕ್ಕ ಹಾಕಿದ ಷೇರಿನ ಮೌಲ್ಯಕ್ಕಿಂತಲೂ ಬೈಬ್ಯಾಕ್ ಬೆಲೆ ಕಡಿಮೆಯಿರಬೇಕು, ಇಲ್ಲದಿದ್ದರೆ ಹಣವನ್ನು ಡಿವಿಡೆಂಡ್ ಆಗಿಯೇ ಕೊಡಬೇಕು.